ಡಿಪಿಟಿ ಐದು ಸಲ, ದಡಾರದ್ದು ಎರಡೇ ಸಲ: ಬೂಸ್ಟರ್ ಲೆಕ್ಕದ ಹಿಂದಿನ ಕಾರಣವೇನು?

ಹಾಸನದ ಅಪ್ಪ
ನನ್ನ ಮಗನಿಗೆ ಈಗ ಐದು ವರ್ಷ ನಾಲ್ಕು ತಿಂಗಳು. ಶಾಲೆಯವರು ಲಸಿಕೆಯ ದಾಖಲೆ ಕೇಳಿದರೆಂದು ತಾಯಿ ಕಾರ್ಡ್ ಹುಡುಕಿ ತೆಗೆದಾಗ, ಒಂದೂವರೆ ವರ್ಷದಲ್ಲಿ ಹಾಕಿಸಬೇಕಿದ್ದ, ಗಂಟಲುಮಾರಿ, ನಾಯಿಕೆಮ್ಮು ಮತ್ತು ಧನುರ್ವಾಯುವನ್ನು ತಡೆಯುವ ಡಿಪಿಟಿ ಬೂಸ್ಟರ್‌ನ ಜಾಗ ಖಾಲಿ ಇರುವುದು ಕಣ್ಣಿಗೆ ಬಿತ್ತು. ಆಗ ನಾವು ಊರು ಬದಲಿಸುತ್ತಿದ್ದ ಗಡಿಬಿಡಿಯಲ್ಲಿ ಅದು ತಪ್ಪಿಹೋಗಿರಬೇಕು. ಆರು, ಹತ್ತು ಮತ್ತು ಹದಿನಾಲ್ಕನೇ ವಾರದ, ಡಿಪಿಟಿಯೂ ಸೇರಿರುವ ಪೆಂಟಾವೇಲೆಂಟ್ ಮೂರೂ ಆಗಿವೆ. ದಡಾರ ಮತ್ತು ರುಬೆಲ್ಲಾದ ಎರಡು ಡೋಸ್‌ಗಳೂ ಆಗಿವೆ.

ನನ್ನ ಪ್ರಶ್ನೆ ಎರಡು ಭಾಗದ್ದು. ಮೊದಲನೆಯದು, ಒಂದು ಡೋಸ್ ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕೇ? ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತಿರುವುದು. ಲಸಿಕೆಯಿಂದ ದೇಹ ರೋಗಾಣುವನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನೆನಪಿಟ್ಟುಕೊಳ್ಳುವುದೇ ನಿಜವಾದರೆ ದಡಾರವನ್ನು ಎರಡು ಸಲಕ್ಕೆ ಕಲಿಯುವ ದೇಹ ಧನುರ್ವಾಯುವನ್ನು ಐದು ಸಲ ಹೇಳಿಕೊಟ್ಟರೂ ಕಲಿಯದೆ, ಹತ್ತನೇ ವಯಸ್ಸಿಗೆ ಮತ್ತೊಮ್ಮೆ, ಹದಿನಾರಕ್ಕೆ ಇನ್ನೊಮ್ಮೆ ಏಕೆ ಕೇಳುತ್ತದೆ?

ನಿವೃತ್ತ ಮೇಷ್ಟ್ರು
ಇದರಲ್ಲಿ ಕಾಡುವಂಥದ್ದೇನೂ ಇಲ್ಲ. ಧನುರ್ವಾಯುವಿನ ಟಿಟಿ ಇಂಜೆಕ್ಷನ್ನಿನ ಶಕ್ತಿ ಆರು ತಿಂಗಳು ಮಾತ್ರ. ನಾನು ತೋಟದಲ್ಲಿ ಮೊಳೆ ತುಳಿದಾಗಲೆಲ್ಲ, ಕತ್ತಿ ತಗುಲಿದಾಗಲೆಲ್ಲ ಅದೇ ದಿನ ಹೋಗಿ ಹಾಕಿಸಿಕೊಳ್ಳುತ್ತೇನೆ. ಇದುವರೆಗೆ ಇಪ್ಪತ್ತು ಸಲವಾದರೂ ಆಗಿರಬೇಕು, ಏನೂ ಆಗಿಲ್ಲ. ದೇಹದ ಒಳಗೆ ಮದ್ದು ಕರಗಿ ಹೋಗುತ್ತದೆ, ಮತ್ತೆ ತುಂಬಬೇಕು, ಅಷ್ಟೇ.

ಆರೋಗ್ಯ ಸಹಾಯಕಿ
ಮೇಷ್ಟ್ರೇ, ಗಾಯವಾದ ದಿನ ಬರುವ ನಿಮ್ಮ ಅಭ್ಯಾಸ ಒಳ್ಳೆಯದು, ಆದರೆ ಆರು ತಿಂಗಳ ಲೆಕ್ಕ ತಪ್ಪು. ಅದು ನಮ್ಮ ಊರುಗಳಲ್ಲಿ ಬಾಯಿಂದ ಬಾಯಿಗೆ ಬಂದಿರುವ ಮಾತು. ಚಿಕ್ಕಂದಿನ ಡೋಸ್‌ಗಳು ಪೂರ್ತಿಯಾಗಿದ್ದವರಿಗೆ ಸ್ವಚ್ಛವಾದ ಸಣ್ಣ ಗಾಯವಾದರೆ, ಕೊನೆಯ ಡೋಸ್‌ಗೆ ಹತ್ತು ವರ್ಷ ತುಂಬದಿದ್ದಲ್ಲಿ ಹೊಸದಾಗಿ ಬೇಕಿಲ್ಲ. ಮಣ್ಣು, ಸಗಣಿ ಸೇರಿದ ಆಳವಾದ ಗಾಯವಾದರೆ ಆ ಮಿತಿಯನ್ನು ಐದು ವರ್ಷಕ್ಕೆ ಇಳಿಸುತ್ತಾರೆ. ಪದೇ ಪದೇ ಹಾಕಿಸಿಕೊಂಡವರಲ್ಲಿ ಭುಜದಿಂದ ಮೊಣಕೈವರೆಗೂ ತೋಳು ಊದಿಕೊಂಡಿದ್ದನ್ನು ನಾನು ನೋಡಿದ್ದೇನೆ. ಅದು ರೋಗದ ವಿರುದ್ಧ ದೇಹ ತಯಾರಿಸಿಕೊಂಡು ರಕ್ತದಲ್ಲಿ ಈಗಾಗಲೇ ಧಾರಾಳವಾಗಿರುವ ಪ್ರತಿಕಾಯಗಳು ಹೊಸ ಮದ್ದಿನ ಮೇಲೆ ಮುಗಿಬೀಳುವುದರಿಂದ ಆಗುವಂಥದ್ದು. ಅಂದ ಹಾಗೆ, ಈಗ ನಮ್ಮ ಕೇಂದ್ರಗಳಲ್ಲಿ ಬರುವುದು ಬರೀ ಟಿಟಿ ಅಲ್ಲ, ಗಂಟಲುಮಾರಿಯ ಅಂಶವೂ ಸೇರಿರುವ ಟಿಡಿ.

ಹಾಸನದ ಸರ್, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಮೊದಲಿನಿಂದ ಶುರು ಮಾಡುವ ಅಗತ್ಯವಿಲ್ಲ. ಮಗುವಿಗೆ ಏಳು ವರ್ಷ ತುಂಬುವವರೆಗೆ ಡಿಪಿಟಿ ಕೊಡುತ್ತೇವೆ, ಆದ್ದರಿಂದ ಕಾರ್ಡ್ ತೆಗೆದುಕೊಂಡು ಈ ವಾರವೇ ಹೋಗಿ. ಅದರ ನಂತರದ ಡೋಸ್ ಯಾವಾಗ ಎಂಬುದನ್ನು ಕಾರ್ಡ್ ನೋಡಿ ಅಲ್ಲಿನ ವೈದ್ಯರು ಹೇಳುತ್ತಾರೆ. ಎರಡನೆಯ ಪ್ರಶ್ನೆಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ.

ಸಂಶಯಾತ್ಮ
ನನಗೆ ಇದು ಸರಳವಾಗಿ ಕಾಣುತ್ತದೆ. ಒಮ್ಮೆ ಹಾಕಿದ್ದು ಸರಿಯಾಗಿ ಕೆಲಸ ಮಾಡಿದ್ದರೆ ಎರಡನೆಯದು ಬೇಕಿರಲಿಲ್ಲ. ಮತ್ತೆ ಮತ್ತೆ ಬೇಕೆಂದರೆ ಅದು ಕೆಲಸ ಮಾಡುವುದಿಲ್ಲ ಎಂದರ್ಥ, ಅಥವಾ ಯಾರಿಗೋ ವ್ಯಾಪಾರ ಆಗಬೇಕು ಎಂದರ್ಥ.

ಪ್ರಯೋಗಾಲಯದ ಸುಮಾ
ಸಂಶಯಾತ್ಮ ಅವರ ವಾದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೇಷ್ಟ್ರ ಮಾತನ್ನು ಎತ್ತಿಕೊಳ್ಳಬೇಕು, ಏಕೆಂದರೆ ಬಹಳಷ್ಟು ಜನರ ತಲೆಯಲ್ಲಿರುವ ಚಿತ್ರ ಅದೇ: ಮದ್ದು ದೇಹದಲ್ಲಿ ಉಳಿದಿರುತ್ತದೆ, ಕರಗಿದಾಗ ಮತ್ತೆ ತುಂಬಬೇಕು. ವಾಸ್ತವವಾಗಿ ಚುಚ್ಚಿದ ಮದ್ದು ಕೆಲವೇ ವಾರಗಳಲ್ಲಿ ಹೋಗಿಬಿಡುತ್ತದೆ. ಉಳಿಯುವುದು ಅದನ್ನು ನೋಡಿ ದೇಹ ಮಾಡಿಕೊಂಡ ಏರ್ಪಾಡು.

ಧನುರ್ವಾಯುವಿನ ಲಸಿಕೆಯನ್ನೇ ನೋಡೋಣ. ಆ ರೋಗದಲ್ಲಿ ಕೊಲ್ಲುವುದು ರೋಗಾಣುವಲ್ಲ, ಅದು ಗಾಯದ ಒಳಗೆ ಕುಳಿತು ಉಗುಳುವ ನಂಜು. ಆ ನಂಜನ್ನು ಫಾರ್ಮಲಿನ್‌ನಲ್ಲಿ ಇಟ್ಟರೆ ಅದರ ವಿಷ ಹೋಗುತ್ತದೆ, ಆಕಾರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಫ್ರಾನ್ಸಿನ ಗಾಸ್ತೋ ರಮೋ 1920ರ ದಶಕದಲ್ಲಿ ತೋರಿಸಿಕೊಟ್ಟ ವಿಧಾನ ಇದು, ಇವತ್ತಿಗೂ ಬಳಕೆಯಲ್ಲಿದೆ. ಹೀಗೆ ವಿಷ ಕಳೆದ ನಂಜನ್ನು ಅಲ್ಯುಮಿನಿಯಂ ಲವಣದೊಂದಿಗೆ ಸೇರಿಸಿ ಮಗುವಿನ ತೊಡೆಗೆ ಚುಚ್ಚುತ್ತಾರೆ. ಆ ಲವಣ ಅಲ್ಲಿ ಸ್ವಲ್ಪ ಉರಿಯೂತ ಎಬ್ಬಿಸುತ್ತದೆ. ಮಗುವಿನ ತೊಡೆ ಗಟ್ಟಿಯಾಗಿ ಕೆಂಪಾಗುವುದಕ್ಕೆ ಒಂದು ಕಾರಣ ಅದೇ. ಕಾವಲು ಕೋಶಗಳು ಓಡಿಬಂದು, ಆ ವಸ್ತುವನ್ನು ನುಂಗಿ, ತೊಡೆಸಂದಿಯ ದುಗ್ಧಗ್ರಂಥಿಗೆ ಹೊತ್ತೊಯ್ಯುತ್ತವೆ.

ಮುಖ್ಯ ಕೆಲಸ ನಡೆಯುವುದು ಅಲ್ಲಿ. ನಮ್ಮಲ್ಲಿರುವ ಬಿ ಕೋಶಗಳು ಒಂದೊಂದೂ ಒಂದೊಂದು ಆಕಾರದ ಹಿಡಿಕೆಯನ್ನು ಹೊತ್ತು ತಿರುಗುತ್ತಿರುತ್ತವೆ. ಬಂದ ವಸ್ತುವಿಗೆ ಯಾವುದರ ಹಿಡಿಕೆ ಸಡಿಲವಾಗಿಯಾದರೂ ಹೊಂದುತ್ತದೋ ಅದು, ಟಿ ಕೋಶಗಳ ಒಪ್ಪಿಗೆ ಪಡೆದು, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯತೊಡಗುತ್ತದೆ. ಬೆಳೆಯುವಾಗ ತನ್ನ ಹಿಡಿಕೆಯ ಆಕಾರವನ್ನು ಬೇಕೆಂದೇ ಚೂರು ಚೂರು ಬದಲಿಸಿಕೊಳ್ಳುತ್ತದೆ. ಬದಲಾದವುಗಳಲ್ಲಿ ಬಿಗಿಯಾಗಿ ಹಿಡಿಯುವಂಥವು ಉಳಿಯುತ್ತವೆ, ಉಳಿದವು ಸಾಯುತ್ತವೆ. ಈ ಆಯ್ಕೆ ವಾರಗಟ್ಟಲೆ ನಡೆಯುತ್ತದೆ. ಕೊನೆಯಲ್ಲಿ ಎರಡು ಬಗೆಯ ಕೋಶಗಳು ಹೊರಬರುತ್ತವೆ. ಒಂದು ಬಗೆಯವು ಅಸ್ಥಿಮಜ್ಜೆಗೆ ಹೋಗಿ ನೆಲೆಸಿ ವರ್ಷಗಟ್ಟಲೆ ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ಇನ್ನೊಂದು ಬಗೆಯವು ಏನನ್ನೂ ತಯಾರಿಸದೆ ಸುಮ್ಮನೆ ಕಾಯುತ್ತ, ಅದೇ ವಸ್ತು ಮತ್ತೆ ಕಂಡಾಗ ಬೇಗನೆ ಎದ್ದು ಬೆಳೆಯುತ್ತವೆ. ಜನ ನೆನಪು ಎನ್ನುವಾಗ ಈ ಎರಡನ್ನೂ ಒಂದೇ ಎಂದು ಭಾವಿಸುತ್ತಾರೆ. ಹಾಸನದವರ ಗೊಂದಲದ ಬೇರು ಇರುವುದೇ ಅಲ್ಲಿ.

ಸಾಗರದ ಕೃಷಿಕ
ಮೇಡಂ, ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು ಕಣಜದಲ್ಲಿರುವ ಭತ್ತ, ಎರಡನೆಯದು ಬಿತ್ತನೆಗೆ ಎತ್ತಿಟ್ಟ ಬೀಜ. ಗದ್ದೆಯಲ್ಲಿ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಇಡುವ ಹಾಗೆ ಅಲ್ಲಿಯೂ ಆರಿಸುತ್ತಾರೆ ಎಂದಾಯಿತು.

ಪ್ರಯೋಗಾಲಯದ ಸುಮಾ
ಇಷ್ಟು ಚೆನ್ನಾಗಿ ನನಗೆ ಹೊಳೆದಿರಲಿಲ್ಲ, ಇನ್ನು ಮುಂದೆ ಇದನ್ನೇ ಬಳಸುತ್ತೇನೆ. ನೆಂಟರು ನಾಲ್ಕು ತಿಂಗಳ ನಂತರ ಬರುತ್ತೇವೆಂದರೆ ಮನೆಯಲ್ಲಿ ಬೀಜವಿದ್ದರೆ ಸಾಕು, ಬಿತ್ತಿ ಬೆಳೆದು ಉಣಬಡಿಸಬಹುದು. ಈಗಲೇ ಬಾಗಿಲಿಗೆ ಬಂದು ನಿಂತರೆ ಕಣಜದಲ್ಲಿ ಇರಲೇಬೇಕು.

ಹೆಪಟೈಟಿಸ್ ಬಿ ಮೊದಲ ಬಗೆಯ ನೆಂಟ. ವೈರಸ್ ಒಳಗೆ ಸೇರಿದ ಮೇಲೆ ಕಾಯಿಲೆ ತಲೆ ಎತ್ತಲು ಸಾಮಾನ್ಯವಾಗಿ ಎರಡು ತಿಂಗಳಿಂದ ಐದು ತಿಂಗಳು ಹಿಡಿಯುತ್ತದೆ. ಚಿಕ್ಕಂದಿನಲ್ಲಿ ಲಸಿಕೆ ಪಡೆದ ಎಷ್ಟೋ ಜನರ ರಕ್ತದಲ್ಲಿ ಹತ್ತು ಹದಿನೈದು ವರ್ಷಗಳ ನಂತರ ಪ್ರತಿಕಾಯ ಅಳತೆಗೆ ಸಿಗದಷ್ಟು ಇಳಿದಿರುತ್ತದೆ, ಆದರೂ ಅವರಿಗೆ ಕಾಯಿಲೆ ಬರುವುದಿಲ್ಲ, ಏಕೆಂದರೆ ಬೀಜಕ್ಕೆ ಮೊಳೆಯಲು ಬೇಕಾದ ನಾಲ್ಕೈದು ದಿನ ಧಾರಾಳವಾಗಿ ಸಿಗುತ್ತದೆ. ಆರೋಗ್ಯವಂತರಿಗೆ ಅದರ ಬೂಸ್ಟರ್ ಬೇಡ ಎನ್ನುವುದು ಇದೇ ಕಾರಣಕ್ಕೆ.

ಗಂಟಲುಮಾರಿ ಎರಡನೇ ಬಗೆಯದು, ಎರಡರಿಂದ ಐದು ದಿನಗಳಲ್ಲಿ ಗಂಟಲಲ್ಲಿ ಪೊರೆ ಕಟ್ಟಿ ನಂಜು ಹರಡತೊಡಗುತ್ತದೆ. ಧನುರ್ವಾಯು ಇನ್ನೂ ವಿಚಿತ್ರ. ಅದು ಕಾಣಿಸಿಕೊಳ್ಳಲು ಮೂರರಿಂದ ಇಪ್ಪತ್ತೊಂದು ದಿನ ಹಿಡಿಯುವುದರಿಂದ ಸಮಯವಿದೆಯಲ್ಲ ಎನಿಸಬಹುದು. ಆದರೆ ಆ ನಂಜು ನರದ ಒಳಗೆ ಒಮ್ಮೆ ಸೇರಿತೆಂದರೆ ಪ್ರತಿಕಾಯ ಅದನ್ನು ಮುಟ್ಟಲಾರದು. ಅದಕ್ಕಿಂತ ಮುಖ್ಯವಾಗಿ, ಮನುಷ್ಯನನ್ನು ಕೊಲ್ಲಲು ಬೇಕಾಗುವ ನಂಜಿನ ಪ್ರಮಾಣ ಎಷ್ಟು ಕಡಿಮೆಯೆಂದರೆ, ಅಷ್ಟರಿಂದ ರೋಗನಿರೋಧಕ ವ್ಯವಸ್ಥೆಗೆ ಎಚ್ಚರವೇ ಆಗುವುದಿಲ್ಲ. ಧನುರ್ವಾಯುವಿನಿಂದ ಬದುಕಿ ಉಳಿದವರಿಗೂ ಆಸ್ಪತ್ರೆಯಿಂದ ಕಳಿಸುವಾಗ ಲಸಿಕೆ ಕೊಡಬೇಕಾಗುತ್ತದೆ, ಏಕೆಂದರೆ ರೋಗವೇ ಅವರಿಗೆ ಏನನ್ನೂ ಕಲಿಸಿರುವುದಿಲ್ಲ. ಇಲ್ಲಿ ಬೀಜವನ್ನು ನಂಬಿ ಕೂರುವಂತಿಲ್ಲ. ಗಾಯವಾದ ಗಳಿಗೆಯಲ್ಲಿ ರಕ್ತದಲ್ಲಿ ಪ್ರತಿಕಾಯ ಇರಲೇಬೇಕು. ಬೂಸ್ಟರ್ ಕಣಜ ತುಂಬಿಸುವ ಕೆಲಸ ಮಾಡುತ್ತದೆ.

ನಿವೃತ್ತ ಮೇಷ್ಟ್ರು
ಹಾಗಾದರೆ ನಾನು ಹೇಳಿದ್ದೂ ಅದೇ ಆಯಿತಲ್ಲ, ಖಾಲಿಯಾದುದನ್ನು ತುಂಬಬೇಕು ಎಂದು.

ಪ್ರಯೋಗಾಲಯದ ಸುಮಾ
ಅರ್ಧ ಅದೇ, ಮೇಷ್ಟ್ರೇ. ತುಂಬಬೇಕು ಎನ್ನುವುದು ಸರಿ, ಆದರೆ ತುಂಬುವುದು ಮದ್ದಲ್ಲ, ನಿಮ್ಮದೇ ಕೋಶಗಳು; ಪ್ರತಿ ಸಲ ತುಂಬಿದಾಗಲೂ ಕಣಜ ಮೊದಲಿಗಿಂತ ದೊಡ್ಡದಾಗುತ್ತದೆ. ಹಿಂದೆ ಈ ಲಸಿಕೆ ಪಡೆಯದ ಗರ್ಭಿಣಿಯರಿಗೆ ಟಿಟಿ ಕೊಡುವಾಗ ಬಳಸುತ್ತಿದ್ದ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. ಮೊದಲ ಡೋಸ್‌ನಿಂದ ನಂಬುವಂಥ ರಕ್ಷಣೆ ಏನೂ ಸಿಗುವುದಿಲ್ಲ. ನಾಲ್ಕು ವಾರಗಳ ನಂತರದ ಎರಡನೆಯದು ಸುಮಾರು ಮೂರು ವರ್ಷ ಕಾಯುತ್ತದೆ, ಆರು ತಿಂಗಳ ನಂತರದ ಮೂರನೆಯದು ಐದು ವರ್ಷ, ವರ್ಷದ ನಂತರದ ನಾಲ್ಕನೆಯದು ಹತ್ತು ವರ್ಷ, ಐದನೆಯದು ಹೆರಿಗೆಯ ವಯಸ್ಸು ಮುಗಿಯುವವರೆಗೆ. ಆರು ತಿಂಗಳಿಗೊಮ್ಮೆ ಕರಗುವ ಮದ್ದಾಗಿದ್ದರೆ ಪ್ರತಿ ಸಲವೂ ಅವಧಿ ಒಂದೇ ಇರಬೇಕಿತ್ತು.

ನಿಮ್ಮ ಪದ್ಧತಿಯಲ್ಲಿ ಇನ್ನೊಂದು ಅಪಾಯ ಅಡಗಿದೆ, ಅದು ನಿಮಗಲ್ಲ, ನಿಮ್ಮನ್ನು ನೋಡಿ ಅನುಸರಿಸುವವರಿಗೆ. ಹುಟ್ಟಿದಾಗಿನಿಂದ ಒಂದೂ ಲಸಿಕೆ ಪಡೆಯದವರು ಮೊಳೆ ತುಳಿದ ದಿನ ಹೋಗಿ ಮೊದಲ ಬಾರಿಗೆ ಟಿಟಿ ಹಾಕಿಸಿಕೊಂಡರೆ ಆ ಗಾಯಕ್ಕೆ ಅದು ನೆರವಾಗುವುದಿಲ್ಲ, ಏಕೆಂದರೆ ಅವರ ದುಗ್ಧಗ್ರಂಥಿಯಲ್ಲಿ ಆಯ್ಕೆ ಶುರುವಾಗುವಷ್ಟರಲ್ಲಿ ನಂಜು ನರ ಸೇರಿರಬಹುದು. ಅಂಥವರಿಗೆ ಕೊಳೆಯಾದ ಗಾಯವಾದಾಗ ಲಸಿಕೆಯ ಜೊತೆಗೆ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೋಗ್ಲಾಬ್ಯುಲಿನ್ ಚುಚ್ಚಬೇಕಾಗುತ್ತದೆ. ಅದು ಪಕ್ಕದ ಮನೆಯಿಂದ ಎರವಲು ತಂದ ಅಕ್ಕಿ. ಕೆಲವು ವಾರಗಳಲ್ಲಿ ಮುಗಿಯುತ್ತದೆ, ಬೀಜವನ್ನೂ ಬಿಡುವುದಿಲ್ಲ.

ರಾತ್ರಿಪಾಳಿ
ನನಗೆ ನಾಯಿ ಕಚ್ಚಿತ್ತು. ಅದಕ್ಕೂ ಬೂಸ್ಟರ್ ಬೇಕೇ ಎಂದು ಕೇಳುತ್ತಿದ್ದೀರಿ ತಾನೇ? ಐದು ವರ್ಷದ ಹಿಂದೆ ಮೊದಲ ಸಲ ಕಚ್ಚಿದಾಗ ಪೂರ್ತಿ ಕೋರ್ಸ್ ಮಾಡಿದ್ದೆ, ಗಾಯದ ಸುತ್ತಲೂ ಇನ್ನೇನನ್ನೋ ಚುಚ್ಚಿದ್ದರು, ಪ್ರಾಣ ಹೋಗುವಷ್ಟು ನೋವು. ಹೋದ ತಿಂಗಳು ಕೆಲಸ ಮುಗಿಸಿ ಬರುವಾಗ ಇನ್ನೊಂದು ನಾಯಿ ಕಚ್ಚಿತು. ಆಸ್ಪತ್ರೆಯಲ್ಲಿ ಹಳೆಯ ಚೀಟಿ ನೋಡಿ ಎರಡೇ ಚುಚ್ಚುಮದ್ದು ಕೊಟ್ಟು ಕಳಿಸಿದರು. ಕಡಿಮೆ ಕೊಟ್ಟು ಮೋಸ ಮಾಡಿದರೇ ಎಂದು ನನಗೆ ಭಯವಾಗಿದೆ.

ಆರೋಗ್ಯ ಸಹಾಯಕಿ
ಪ್ರಶ್ನೆ ಅದಾಗಿರಲಿಲ್ಲ, ಆದರೆ ನೀವು ಬಂದದ್ದು ಒಳ್ಳೆಯದೇ ಆಯಿತು. ಮೋಸವಲ್ಲ. ಹಿಂದೆ ಪೂರ್ತಿ ಕೋರ್ಸ್ ಆಗಿರುವುದಕ್ಕೆ ದಾಖಲೆ ಇದ್ದರೆ ಕಚ್ಚಿದ ದಿನ ಒಂದು, ಮೂರನೇ ದಿನ ಇನ್ನೊಂದು ಕೊಡುತ್ತೇವೆ, ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು ಮಾತ್ರ ಎರಡನೇ ಸಲವೂ ತಪ್ಪದೆ ಆಗಬೇಕು. ಆ ಚೀಟಿಯನ್ನು ಜೋಪಾನವಾಗಿಡಿ.

ಪ್ರಯೋಗಾಲಯದ ಸುಮಾ
ರಾತ್ರಿಪಾಳಿಯವರೇ, ನಿಮ್ಮ ದೇಹದಲ್ಲಿ ಬೀಜ ಇದೆ ಎಂಬ ಭರವಸೆಯ ಮೇಲೆ ನಡೆದ ಚಿಕಿತ್ಸೆ ಅದು. ಮೊದಲ ಸಲ ಬೀಜವೂ ಇರಲಿಲ್ಲ, ಕಣಜವೂ ಇರಲಿಲ್ಲ, ಆದ್ದರಿಂದ ಎರವಲು ತಂದರು. ಈ ಸಲ ಎರಡು ಡೋಸ್ ಕೊಟ್ಟದ್ದು ಮಲಗಿದ್ದ ಕೋಶಗಳನ್ನು ಎಬ್ಬಿಸಲು, ಅವು ದಿನಗಳಲ್ಲಿ ಎದ್ದು ಕೆಲಸ ಶುರುಮಾಡುತ್ತವೆ.

ಹಾಸನದ ಅಪ್ಪ
ಧನುರ್ವಾಯುವಿನದು ಅರ್ಥವಾಯಿತು. ಹಾಗಿದ್ದರೆ ದಡಾರಕ್ಕೆ ಎರಡೇ ಹೇಗೆ ಸಾಕು? ಅದರ ಎರಡನೆಯದು ಬೂಸ್ಟರ್ ತಾನೇ?

ಬಸವನಗುಡಿ ಅಮ್ಮ
ಹೌದು, ನಮ್ಮ ಮಕ್ಕಳ ವೈದ್ಯರೂ ಅದನ್ನು ಬೂಸ್ಟರ್ ಎಂದೇ ಕರೆಯುತ್ತಾರೆ.

ಪ್ರಯೋಗಾಲಯದ ಸುಮಾ
ರೂಢಿಯಲ್ಲಿ ಹಾಗೆ ಕರೆಯುತ್ತಾರೆ, ಆದರೆ ಅದರ ಕೆಲಸ ಬೇರೆ. ಒಂಬತ್ತು ತಿಂಗಳಲ್ಲಿ ದಡಾರದ ಲಸಿಕೆ ಹಾಕಿದಾಗ ನೂರು ಮಕ್ಕಳಲ್ಲಿ ಸುಮಾರು ಎಂಬತ್ತೈದು ಮಕ್ಕಳಿಗೆ ಅದು ನಾಟುತ್ತದೆ. ಉಳಿದವರಿಗೆ ನಾಟದಿರಲು ಒಂದು ಮುಖ್ಯ ಕಾರಣ, ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಇನ್ನೂ ಉಳಿದಿದ್ದು ಲಸಿಕೆಯ ವೈರಸ್ಸನ್ನು ಬೆಳೆಯುವ ಮೊದಲೇ ಹೊಸಕಿಹಾಕುವುದು. ವರ್ಷ ತುಂಬಿದ ಮೇಲೆ ಹಾಕಿದರೆ ನಾಟುವುದು ತೊಂಬತ್ತೈದರ ಹತ್ತಿರಕ್ಕೆ ಏರುತ್ತದೆ, ಆದರೆ ನಮ್ಮಲ್ಲಿ ದಡಾರ ಅಲ್ಲಿಯವರೆಗೆ ಕಾಯುವುದಿಲ್ಲವಾದ್ದರಿಂದ ಬೇಗ ಒಂದು ಹಾಕಿ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಇನ್ನೊಂದು ಹಾಕುತ್ತಾರೆ. ಎರಡನೆಯದು ಮೊದಲ ಸಲ ಮೊಳೆಯದ ಗದ್ದೆಗೆ ಮತ್ತೆ ಬಿತ್ತುವುದು. ಯಾವ ಮಗುವಿಗೆ ನಾಟಿಲ್ಲ ಎಂದು ಹೊರಗಿನಿಂದ ತಿಳಿಯುವುದಿಲ್ಲವಾದ್ದರಿಂದ ಎಲ್ಲರಿಗೂ ಕೊಡುತ್ತಾರೆ.

ನಾಟಿದವರಲ್ಲಿ ಅದು ದಶಕಗಟ್ಟಲೆ ಉಳಿಯುತ್ತದೆ. ಆ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅದು ದೇಹದೊಳಗೆ ಕೆಲವು ದಿನ ನಿಜವಾಗಿಯೂ ಬೆಳೆದು ಹರಡುವುದರಿಂದ ದುಗ್ಧಗ್ರಂಥಿಗಳಿಗೆ ನಿಜವಾದ ಸೋಂಕಿನಂಥದೇ ಕೆಲಸ ಸಿಗುತ್ತದೆ. ತೊಡೆಯಲ್ಲಿ ಒಂದೆಡೆ ಕುಳಿತು ಕರಗುವ ಸತ್ತ ವಸ್ತುವಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಜೀವಂತ ದಡಾರ ಎಷ್ಟು ಗಾಢವಾಗಿ ಕಲಿಸುತ್ತದೆ ಎಂಬುದಕ್ಕೆ ನನಗೆ ಪ್ರಿಯವಾದ ಒಂದು ಉದಾಹರಣೆ ಇದೆ. ಉತ್ತರ ಅಟ್ಲಾಂಟಿಕ್‌ನ ಫ್ಯಾರೋ ದ್ವೀಪಗಳಿಗೆ 1781ರಲ್ಲಿ ದಡಾರ ಬಂದು ಹೋಗಿತ್ತು. ಆಮೇಲೆ ಅರವತ್ತೈದು ವರ್ಷ ಅಲ್ಲಿಗೆ ಅದು ಕಾಲಿಡಲಿಲ್ಲ. 1846ರಲ್ಲಿ ಮತ್ತೆ ಬಂದಾಗ ಏಳು ಸಾವಿರದ ಎಂಟುನೂರರಷ್ಟಿದ್ದ ಜನರಲ್ಲಿ ಆರು ಸಾವಿರದಷ್ಟು ಜನ ಹಾಸಿಗೆ ಹಿಡಿದರು. ತನಿಖೆಗೆ ಹೋದ ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್, 1781ರಲ್ಲಿ ದಡಾರ ಬಂದಿದ್ದ ಮುದುಕರಲ್ಲಿ ಒಬ್ಬರಿಗೂ ಎರಡನೇ ಸಲ ಬರಲಿಲ್ಲ ಎಂದು ಬರೆದಿಟ್ಟ. ನಡುವಿನ ಆರೂವರೆ ದಶಕದಲ್ಲಿ ಅವರಿಗೆ ನೆನಪಿಸಲು ಯಾವ ವೈರಸ್ಸೂ ಅಲ್ಲಿ ಇರಲಿಲ್ಲ.

ಸಂಶಯಾತ್ಮ
ನೀವೇ ನನ್ನ ವಾದಕ್ಕೆ ಪುಷ್ಟಿ ಕೊಟ್ಟಿರಿ. ರೋಗ ಬಂದರೆ ಅರವತ್ತೈದು ವರ್ಷದ ರಕ್ಷಣೆ, ಲಸಿಕೆಗೆ ಮಾತ್ರ ಮತ್ತೆ ಮತ್ತೆ ಡೋಸ್.

ಆರೋಗ್ಯ ಸಹಾಯಕಿ
ಆ ರಕ್ಷಣೆ ಸಿಕ್ಕಿದ್ದು ದಡಾರ ಬಂದು ಬದುಕಿ ಉಳಿದವರಿಗೆ. ಧನುರ್ವಾಯು ಬಂದವರಿಗೆ ಒಂದು ದಿನದ ರಕ್ಷಣೆಯೂ ಸಿಗುವುದಿಲ್ಲ ಎಂದು ಮೇಡಂ ಮೇಲೆ ಹೇಳಿದ್ದನ್ನು ನೀವು ಓದಿದಂತೆ ಕಾಣುವುದಿಲ್ಲ. ಇನ್ನು ವ್ಯಾಪಾರದ ಮಾತು: ನಮ್ಮ ಕೇಂದ್ರದಲ್ಲಿ ಈ ಡೋಸ್‌ಗಳಿಗೆ ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ.

ಪ್ರಯೋಗಾಲಯದ ಸುಮಾ
ಬೂಸ್ಟರ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ದೊಡ್ಡ ಭೂಭಾಗ ನೋಡಿಬಿಟ್ಟಿದೆ. ಸೋವಿಯತ್ ಒಕ್ಕೂಟ ಒಡೆದ ನಂತರದ 1990ರ ದಶಕದಲ್ಲಿ ಅಲ್ಲಿನ ದೇಶಗಳಲ್ಲಿ ಗಂಟಲುಮಾರಿ ಮರಳಿ ಬಂದು ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ತಗುಲಿತು. ರೋಗಿಗಳಲ್ಲಿ ವಯಸ್ಕರೇ ಬಹಳ ಇದ್ದರು ಎನ್ನುವುದು ಅದರ ವಿಶೇಷ. ಚಿಕ್ಕಂದಿನಲ್ಲಿ ಲಸಿಕೆ ಪಡೆದು, ಆಮೇಲೆ ಬೂಸ್ಟರ್ ಇಲ್ಲದೆ, ರೋಗಾಣುವಿನ ಮುಖವನ್ನೂ ನೋಡದೆ ದೊಡ್ಡವರಾದ ಪೀಳಿಗೆಯ ಕಣಜ ಖಾಲಿಯಾಗಿತ್ತು. ನಮ್ಮ ದೇಶದಲ್ಲಿಯೂ ಗಂಟಲುಮಾರಿ ಈಗ ಹಸುಗೂಸುಗಳಿಗಿಂತ ಐದು ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತಿದೆ. ಹಾಸನದವರ ಕಾರ್ಡ್‌ನಲ್ಲಿ ಜಾಗ ಖಾಲಿ ಇದೆ, ಮಗನ ವಯಸ್ಸೂ ಈಗ ಅದೇ.

ಸಾಗರದ ಕೃಷಿಕ
ಬೂಸ್ಟರ್‌ನ ಕಷ್ಟವೇನೆಂದು ಕೇಳಬೇಕಾದರೆ ನಮ್ಮ ಕಡೆಯವರನ್ನು ಕೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದರ ಲಸಿಕೆ ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗಿ ಬರುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಲ್ಲಿ ಮತ್ತೊಂದು, ಆಮೇಲೆ ಐದು ವರ್ಷ ಪ್ರತಿ ವರ್ಷ ಒಂದೊಂದು. ಚುಚ್ಚಿದ ಕಡೆ ಉರಿಯೋ ಉರಿ. ನನ್ನ ತಂದೆ ಮೊದಲೆರಡನ್ನು ಹಾಕಿಸಿಕೊಂಡು, ಅಡಿಕೆ ಕೊಯ್ಲಿನ ಕಾಲಕ್ಕೆ ಮೂರನೆಯದು ಬಂದಾಗ ಆಳುಗಳನ್ನು ಬಿಟ್ಟು ಬರಲಾರೆ ಎಂದು ಹೋಗಲಿಲ್ಲ. ಊರಿನಲ್ಲಿ ಅರ್ಧಕ್ಕರ್ಧ ಜನರ ಕಥೆ ಅದೇ. ಎರಡೇ ಹಾಕಿಸಿಕೊಂಡವರಿಗೂ ಕಾಯಿಲೆ ಬಂದಾಗ ಲಸಿಕೆಯೇ ಸುಳ್ಳು ಎಂಬ ಮಾತು ಹುಟ್ಟಿತು.

ಸುಮಾ ಮೇಡಂ ಅವರಿಗೆ ನನ್ನ ಪ್ರಶ್ನೆ: ಒಂದು ಲಸಿಕೆಗೆ ಏಕೆ ಅಷ್ಟು ಸಲ ಬೇಕಾಗುತ್ತಿತ್ತು, ಮತ್ತು ಅಷ್ಟಾದರೂ ಏಕೆ ನಿಲ್ಲಲಿಲ್ಲ?

ಪ್ರಯೋಗಾಲಯದ ಸುಮಾ
ಅದು ಫಾರ್ಮಲಿನ್‌ನಿಂದ ಕೊಂದ ವೈರಸ್ಸಿನ ಲಸಿಕೆ, ಕೋಳಿಮೊಟ್ಟೆಯ ಭ್ರೂಣದ ಕೋಶಗಳಲ್ಲಿ ಬೆಳೆಸಿದ್ದು. ಸತ್ತ ವೈರಸ್ ಬೆಳೆಯುವುದಿಲ್ಲ, ಆದ್ದರಿಂದ ಗ್ರಂಥಿಗಳಿಗೆ ಸಿಗುವ ಕೆಲಸ ನೀವು ಚುಚ್ಚಿದಷ್ಟಕ್ಕೇ ಸೀಮಿತ. 2005ರಿಂದ 2010ರವರೆಗಿನ ಪ್ರಕರಣಗಳನ್ನು ನೋಡಿದ ಅಧ್ಯಯನದಲ್ಲಿ ಒಂದು ಡೋಸ್‌ನಿಂದ ರಕ್ಷಣೆ ಕಂಡುಬರಲಿಲ್ಲ, ಎರಡರಿಂದ ಶೇಕಡ 62ರಷ್ಟು, ಬೂಸ್ಟರ್ ಸೇರಿದಾಗ ಶೇಕಡ 83ರಷ್ಟು ಎಂದು ಬಂದಿತ್ತು. ನಿಮ್ಮ ತಂದೆಯವರು ನಿಂತದ್ದು ಶೇಕಡ 62ರ ಮೆಟ್ಟಿಲಿನ ಮೇಲೆ. ಅಲ್ಲಿ ನಿಂತ ಹತ್ತು ಜನರಲ್ಲಿ ಕೆಲವರಿಗೆ ಕಾಯಿಲೆ ಬರುವುದು ಲೆಕ್ಕದೊಳಗಿನ ಮಾತೇ, ಆದರೆ ಊರಿನವರಿಗೆ ಅದು ಲಸಿಕೆ ಸೋತಂತೆ ಕಾಣುತ್ತದೆ.

ಆದರೆ ಎಲ್ಲ ತಪ್ಪನ್ನೂ ಜನರ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಕೊಯ್ಲಿನ ಕಾಲದಲ್ಲಿ ವರ್ಷಕ್ಕೊಮ್ಮೆ ಉರಿಯುವ ಚುಚ್ಚುಮದ್ದು ಬೇಡುವ ವೇಳಾಪಟ್ಟಿ ಮಲೆನಾಡಿನಲ್ಲಿ ನಡೆಯುವಂಥದ್ದಲ್ಲ. ಆಮೇಲೆ ಆ ಲಸಿಕೆಯ ಸತ್ವವೇ ಸಾಲದು ಎಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಸತ್ವ ಕಡಿಮೆಯಾದ ಲಸಿಕೆಗೆ ಎಷ್ಟು ಬೂಸ್ಟರ್ ಕೊಟ್ಟರೂ ಜೊಳ್ಳು ಬಿತ್ತಿದಂತೆಯೇ.

ಸಂಶಯಾತ್ಮ
ಇದನ್ನು ಒಪ್ಪಿಕೊಂಡದ್ದಕ್ಕೆ ನಿಮಗೆ ಧನ್ಯವಾದಗಳು. ನನ್ನ ಮಾತಿನಲ್ಲಿಯೂ ಸ್ವಲ್ಪ ಸತ್ಯವಿತ್ತು ಎಂದಾಯಿತು.

ಪ್ರಯೋಗಾಲಯದ ಸುಮಾ
ಆ ಒಂದು ಲಸಿಕೆಯ ಮಟ್ಟಿಗೆ ಇತ್ತು. ಎಲ್ಲ ಬೂಸ್ಟರ್‌ಗಳಿಗೂ ಅದನ್ನೇ ಹಚ್ಚಿದರೆ ಇಲ್ಲ.

ಬಸವನಗುಡಿ ಅಮ್ಮ
ನನ್ನ ಮಗಳಿಗೆ ಖಾಸಗಿಯಲ್ಲಿ ನೋವಿಲ್ಲದ ಡಿಪಿಟಿ ಹಾಕಿಸಿದ್ದೇವೆ. ಜ್ವರವೂ ಬರಲಿಲ್ಲ, ತೊಡೆಯೂ ಊದಲಿಲ್ಲ. ಈಗ ಓದಿದರೆ ಊತ ಬಂದರೇ ಒಳ್ಳೆಯದು ಎನ್ನುವಂತಿದೆ. ನಾನು ದುಡ್ಡು ಕೊಟ್ಟು ಕಡಿಮೆ ಕಲಿಸುವ ಲಸಿಕೆ ಹಾಕಿಸಿದೆನೇ?

ಪ್ರಯೋಗಾಲಯದ ಸುಮಾ
ಧನುರ್ವಾಯು ಮತ್ತು ಗಂಟಲುಮಾರಿಯ ಮಟ್ಟಿಗೆ ನಿಮಗೆ ಯಾವ ನಷ್ಟವೂ ಇಲ್ಲ, ಎರಡೂ ಬಗೆಯಲ್ಲಿ ವಿಷ ಕಳೆದ ಅದೇ ನಂಜು ಇರುತ್ತದೆ. ವ್ಯತ್ಯಾಸ ಇರುವುದು ನಾಯಿಕೆಮ್ಮಿನ ಅಂಶದಲ್ಲಿ. ಸರ್ಕಾರಿ ಲಸಿಕೆಯಲ್ಲಿ ಕೊಂದ ರೋಗಾಣು ಇಡಿಯಾಗಿ ಇರುತ್ತದೆ, ಅದರ ಹೊರಪದರದ ವಸ್ತುಗಳೇ ಜ್ವರ ಬರಿಸುವುದು. ನೋವಿಲ್ಲದ್ದರಲ್ಲಿ ಆಯ್ದ ಕೆಲವು ಪ್ರೋಟೀನುಗಳು ಮಾತ್ರ ಇರುತ್ತವೆ. ಅದನ್ನು ಬಳಸಲು ಆರಂಭಿಸಿದ ಶ್ರೀಮಂತ ದೇಶಗಳಲ್ಲಿ, ಕೆಲವು ವರ್ಷಗಳಲ್ಲೇ ನಾಯಿಕೆಮ್ಮಿನ ವಿರುದ್ಧದ ರಕ್ಷಣೆ ಇಳಿಯುವುದು ಕಂಡುಬಂದು, ಹದಿಹರೆಯದವರಿಗೂ ಗರ್ಭಿಣಿಯರಿಗೂ ಹೊಸ ಬೂಸ್ಟರ್ ಸೇರಿಸಬೇಕಾಯಿತು. ಹಾಗೆಂದು ಒಂದು ಮಗುವಿಗೆ ಜ್ವರ ಬಂದಿತೋ ಇಲ್ಲವೋ ಎಂಬುದರಿಂದ ಅದಕ್ಕೆ ಲಸಿಕೆ ನಾಟಿತೇ ಎಂದು ಹೇಳಲಾಗುವುದಿಲ್ಲ. ನಿಮ್ಮ ಮಗಳಿಗೆ ಮುಂದಿನ ಡೋಸ್‌ಗಳನ್ನು ತಪ್ಪಿಸಬೇಡಿ, ಅಷ್ಟು ಸಾಕು.

ಆರೋಗ್ಯ ಸಹಾಯಕಿ
ಇಲ್ಲಿ ನನ್ನದೊಂದು ಭಿನ್ನಮತ. ಜ್ವರ ಬಂದ ಮಗುವಿನ ತಾಯಿ ಮುಂದಿನ ಡೋಸ್‌ಗೆ ಬರದೇ ಇರುವುದನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಇಡಿಯಾದ ರೋಗಾಣು ಹೆಚ್ಚು ಕಲಿಸುತ್ತದೆ ಎಂಬುದು ಐದೂ ಡೋಸ್ ಆದ ಮಗುವಿಗೆ ಸರಿ. ಎರಡಕ್ಕೇ ನಿಂತ ಮಗುವಿಗೆ ಏನು ಲಾಭ?

ಪ್ರಯೋಗಾಲಯದ ಸುಮಾ
ಇದಕ್ಕೆ ನನ್ನ ಬಳಿ ಮರುಮಾತಿಲ್ಲ.

ನಿವೃತ್ತ ಮೇಷ್ಟ್ರು
ಒಂದು ಅನುಮಾನ. ಡೋಸ್‌ಗಳು ಹೆಚ್ಚಿದಷ್ಟೂ ಒಳ್ಳೆಯದಾದರೆ ಐದನ್ನೂ ವಾರಕ್ಕೊಂದರಂತೆ ಕೊಟ್ಟು ಮುಗಿಸಿಬಿಡಬಹುದಲ್ಲ? ಡೋಸ್ ತಪ್ಪುವ ತಲೆನೋವೂ ತಪ್ಪುತ್ತದೆ.

ಪ್ರಯೋಗಾಲಯದ ಸುಮಾ
ಹಾಗೆ ಮಾಡಿದರೆ ಮುಂದಿನ ಡೋಸ್ ಬಂದಾಗ ಗ್ರಂಥಿಯಲ್ಲಿ ಆಯ್ಕೆ ಇನ್ನೂ ಅರ್ಧಕ್ಕೆ ಇರುತ್ತದೆ, ರಕ್ತದಲ್ಲಿ ಹಿಂದಿನ ಡೋಸ್‌ನ ಪ್ರತಿಕಾಯಗಳು ತುಂಬಿರುತ್ತವೆ, ಅವು ಹೊಸ ಮದ್ದನ್ನು ಗ್ರಂಥಿ ತಲುಪುವ ಮೊದಲೇ ಮುಚ್ಚಿಹಾಕುತ್ತವೆ. ನಾಲ್ಕು ವಾರಗಳಿಗಿಂತ ಕಡಿಮೆ ಅಂತರ ಕೊಡದಿರುವುದು ಈ ಕಾರಣಕ್ಕೆ. ಆರಿಸಿ ಪಳಗಿದ ಕೋಶಗಳು ಸಿದ್ಧವಾಗಿ ಕುಳಿತಾಗ ಬರುವ ಡೋಸ್ ಹೆಚ್ಚು ಫಲ ಕೊಡುತ್ತದೆ. ಅಂತರ ಹೆಚ್ಚಾದರೆ ಕಲಿಕೆಗೆ ಕೆಡುಕಿಲ್ಲ, ನಡುವಿನ ಕಾಲದಲ್ಲಿ ಮಗು ಅರಕ್ಷಿತವಾಗಿರುತ್ತದೆ ಎಂಬುದೊಂದೇ ತೊಂದರೆ. ಹಾಸನದವರ ಮಗ ಮೊದಲಿನಿಂದ ಶುರು ಮಾಡಬೇಕಿಲ್ಲ ಎಂದು ಸಹಾಯಕಿಯವರು ಹೇಳಿದ್ದು ಇದರಿಂದಲೇ. ಐದು ವರ್ಷ ಹಿಂದಿನ ಬೀಜ ಇನ್ನೂ ಅವನಲ್ಲಿದೆ.

ಎಳೆಯ ಕೂಸುಗಳಿಗೆ ಆರನೇ ವಾರದಲ್ಲೇ ಶುರು ಮಾಡುವುದು ನಾಯಿಕೆಮ್ಮು ಅವುಗಳನ್ನೇ ಹೆಚ್ಚು ಕೊಲ್ಲುತ್ತದೆಂಬ ಕಾರಣಕ್ಕೆ. ಆ ವಯಸ್ಸಿನಲ್ಲಿ ಕಣಜ ಚಿಕ್ಕದಾಗಿಯೇ ಕಟ್ಟುತ್ತದೆ, ಅದಕ್ಕಾಗಿ ಎರಡನೇ ವರ್ಷದಲ್ಲಿ ಒಮ್ಮೆ ಹಿಗ್ಗಿಸಬೇಕಾಗುತ್ತದೆ.

ರಾತ್ರಿಪಾಳಿ
ಹಾಗಾದರೆ ದೊಡ್ಡವರಾದ ನಾವು ಹತ್ತು ವರ್ಷಕ್ಕೊಮ್ಮೆ ಟಿಡಿ ಹಾಕಿಸಿಕೊಳ್ಳಲೇಬೇಕೇ?

ಪ್ರಯೋಗಾಲಯದ ಸುಮಾ
ಇದು ತಜ್ಞರಲ್ಲಿಯೇ ತೀರ್ಮಾನವಾಗದ ಪ್ರಶ್ನೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಿ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಐದು ಡೋಸ್ ಪೂರ್ತಿಯಾದವರಿಗೆ ಸಾಮಾನ್ಯವಾಗಿ ಮತ್ತೆ ಕೊಡುವುದಿಲ್ಲ. 2007ರಲ್ಲಿ ಅಮೆರಿಕದ ಆರೆಗಾನ್‌ನ ಸಂಶೋಧಕರು ಒಂದೇ ವ್ಯಕ್ತಿಗಳ ರಕ್ತವನ್ನು ದಶಕಗಳ ಕಾಲ ಅಳೆದು ನೋಡಿದಾಗ ಧನುರ್ವಾಯುವಿನ ಪ್ರತಿಕಾಯ ಅರ್ಧಕ್ಕೆ ಇಳಿಯಲು ಸುಮಾರು ಹನ್ನೊಂದು ವರ್ಷ, ಗಂಟಲುಮಾರಿಯದು ಇಳಿಯಲು ಸುಮಾರು ಹತ್ತೊಂಬತ್ತು ವರ್ಷ ಹಿಡಿಯಿತು, ದಡಾರದ್ದು ಇಳಿಯುವುದೇ ಕಾಣಲಿಲ್ಲ ಎನ್ನಬಹುದು. ಕಣಜ ದೊಡ್ಡದಿದ್ದವರಿಗೆ ಅರ್ಧ, ಕಾಲು ಎಂದು ಇಳಿದರೂ ಬಹುಕಾಲ ಸಾಕಾಗುತ್ತದೆ. ಬ್ರಿಟನ್ನಿನ ನಿಲುವಿಗೆ ನನ್ನ ಒಲವು. ಆದರೆ ಸಗಣಿ, ಮಣ್ಣಿನ ನಡುವೆ ದಿನವಿಡೀ ಬರಿಗಾಲಿನಲ್ಲಿ ಕೆಲಸ ಮಾಡುವವರಿಗೆ ನಾನು ಅದನ್ನು ಧೈರ್ಯವಾಗಿ ಹೇಳಲಾರೆ.

ಸಾಗರದ ಕೃಷಿಕ
ಸತ್ತ ವಸ್ತು ಕೊಟ್ಟರೆ ಕಣಜದ ಕೋಶಗಳು ಬೇಗ ಸಾಯುತ್ತವೆ, ಜೀವಂತದ್ದು ಕೊಟ್ಟರೆ ಐವತ್ತು ವರ್ಷ ಬದುಕುತ್ತವೆ ಎಂದರಲ್ಲ, ಆ ಕೋಶಕ್ಕೆ ತಾನು ಎಷ್ಟು ವರ್ಷ ಬದುಕಬೇಕೆಂದು ಹೇಳುವವರು ಯಾರು?

ಪ್ರಯೋಗಾಲಯದ ಸುಮಾ
ಅದು ಗೊತ್ತಾಗಿದ್ದರೆ ಧನುರ್ವಾಯುವಿಗೂ ಒಂದೇ ಡೋಸ್‌ನ ಲಸಿಕೆ ಮಾಡಿಬಿಡುತ್ತಿದ್ದರು. ಮೊದಲ ಕಲಿಕೆಯ ಸಮಯದಲ್ಲಿ ಸಿಕ್ಕ ಸಂಕೇತಗಳ ಬಲದ ಮೇಲೆ ಅದರ ಆಯುಷ್ಯ ನಿಗದಿಯಾಗುತ್ತದೆ ಎಂಬುದು ಒಂದು ವಾದ, ಅಸ್ಥಿಮಜ್ಜೆಯಲ್ಲಿ ಜಾಗಕ್ಕಾಗಿ ನಡೆಯುವ ಪೈಪೋಟಿ ಎಂಬುದು ಇನ್ನೊಂದು. ಎರಡಕ್ಕೂ ಆಧಾರಗಳಿವೆ, ಯಾವುದೂ ಪೂರ್ತಿ ಒಪ್ಪಿತವಾಗಿಲ್ಲ.

ಹಾಸನದ ಅಪ್ಪ
ಇಂದು ಬೆಳಿಗ್ಗೆ ಡಿಪಿಟಿ ಹಾಕಿಸಿಕೊಂಡು ಬಂದೆವು. ಕಾರ್ಡ್‌ನ ಖಾಲಿ ಜಾಗದಲ್ಲಿ ದಿನಾಂಕ ಬರೆದು, ಮುಂದಿನದಕ್ಕೆ ಆರು ತಿಂಗಳು ಬಿಟ್ಟು ಬಂದು ಕೇಳಿ ಎಂದಿದ್ದಾರೆ. ತೋಳು ಸ್ವಲ್ಪ ಊದಿದೆ. ಮಗ ಆ ಕೈಯನ್ನು ಯಾರಿಗೂ ಮುಟ್ಟಗೊಡದೆ, ಊಟವನ್ನೂ ತಾನು ಮಾಡಲಾರೆನೆಂದು ಅಜ್ಜಿಯ ಕೈಯಿಂದ ತಿನ್ನಿಸಿಕೊಳ್ಳುತ್ತಿದ್ದಾನೆ.

ನಿವೃತ್ತ ಮೇಷ್ಟ್ರು
ಊದಿದ್ದು ಬಲಗೈಯೋ ಎಡಗೈಯೋ?

ಹಾಸನದ ಅಪ್ಪ
ಎಡಗೈ, ಮೇಷ್ಟ್ರೇ. ಅಜ್ಜಿಗೆ ಅದು ಇನ್ನೂ ಹೊಳೆದಿಲ್ಲ.